ಬೈಲಹೊಂಗಲದ ಹಳೆಯ ಜಿನ್: ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ಬೈಲಹೊಂಗಲದಲ್ಲಿ ನಮ್ಮ ಅಜ್ಜನವರು ನಡೆಸುತ್ತಿದ್ದ ಹತ್ತಿ ಜಿನ್ನಿಂಗ್ ಗಿರಣಿ ಬಹಳ ವರ್ಷಗಳಿಂದ ಮುಚ್ಚಿದೆ. ಜಿನ್ ನಡೆಯುತ್ತಿದ್ದ ಶೆಡ್ 30 ಅಡಿ ಅಗಲ, 100 ಅಡಿ ಉದ್ದ. ಪಕ್ಕದಲ್ಲಿ ಅರಳೆ ಇಡುತ್ತಿದ್ದ ಗೋದಾಮು, ಹಿಂದೆ ಬಾಯ್ಲರ್ ಕೋಣೆ ಇವೆ. ಗೋಡೆ ಎರಡಡಿ ದಪ್ಪದ ಕಲ್ಲಿನದು. ಚಾವಣಿ ಸಾಗವಾನಿ ಟ್ರಸ್ ಮೇಲೆ ಮಂಗಳೂರು ಹಂಚು, ಅರ್ಧ ಭಾಗಕ್ಕೆ ನಡುವೆ ಯಾವಾಗಲೋ ಸಿಮೆಂಟ್ ಶೀಟು ಹಾಕಿದ್ದಾರೆ. ಇದನ್ನು ಕುಂಬಾರಿಕೆ, ಕೈಮಗ್ಗ, ಧ್ವನಿಮುದ್ರಣ, ಚಿತ್ರಕಲೆಯವರಿಗೆ ಸ್ಟುಡಿಯೊಗಳಾಗಿ ಬಾಡಿಗೆಗೆ ಕೊಡುವ ಆಸೆ ನನಗಿದೆ. ಅಣ್ಣ ಕೆಡವಿ ಆರ್‌ಸಿಸಿ ಕಟ್ಟೋಣ ಎನ್ನುತ್ತಾನೆ. ಗುತ್ತಿಗೆದಾರರು ಗಾರೆ ಕೆತ್ತಿ ಮರಳು ಹೊಡೆದು ಕಲ್ಲು ಕಾಣಿಸಿ, ಟ್ರಸ್ಸಿಗೆ ಅಟ್ಟ ತೂಗುಹಾಕಿ, ಹಂಚು ತೆಗೆದು ಬಣ್ಣದ ತಗಡು ಹಾಕೋಣ ಎನ್ನುತ್ತಾರೆ. ಒಂದು ಮೂಲೆಯಲ್ಲಿ ಬಿರುಕಿದೆ, ಗೋಡೆಯ ಕೆಳಭಾಗ ತೇವ ಹಿಡಿದಿದೆ. ಎಲ್ಲವನ್ನೂ ಉಳಿಸಲು ದುಡ್ಡಿಲ್ಲ. ಯಾವುದನ್ನು ಉಳಿಸಲಿ?

ಉತ್ತರ: ಗುತ್ತಿಗೆದಾರರ ಸಲಹೆಯ ಮೂರು ಅಂಶಗಳನ್ನೂ ಸದ್ಯಕ್ಕೆ ತಡೆಯಿರಿ. ಅಣ್ಣನ ಮಾತನ್ನು ಮಾತ್ರ ತಳ್ಳಿಹಾಕಬೇಡಿ. ಕಟ್ಟಡದ ಒಂದು ಭಾಗದ ಮಟ್ಟಿಗೆ ಅದು ಸರಿಯಿರಬಹುದು. ಯಾವ ಭಾಗ ಎಂಬುದು ಬಿರುಕನ್ನು ನೋಡಿದ ಮೇಲೆ ತಿಳಿಯುತ್ತದೆ.

ಇಂಥ ಗಿರಣಿಗಳಿಗೆ ಜನ ನನ್ನನ್ನು ಕರೆದಾಗ ಹೆಚ್ಚಾಗಿ ‘ನೋಡಲು ಚೆನ್ನಾಗಿರುವ’ ವಸ್ತುಗಳ ಪಟ್ಟಿ ಮಾಡಿಟ್ಟುಕೊಂಡಿರುತ್ತಾರೆ: ಕಮಾನು, ಹಳೆಯ ಬಾಗಿಲು, ರಾಟೆ, ಕಲ್ಲಿನ ಮುಖ. ನಾನು ಮಾಡಿಸುವ ಪಟ್ಟಿ ಬೇರೆ. ಯಾವ ಭಾಗ ಈಗಲೂ ಕೆಲಸ ಮಾಡುತ್ತಿದೆ, ಯಾವುದು ಇನ್ನೊಂದರ ಕೆಲಸವನ್ನು ಕೆಡಿಸುತ್ತಿದೆ, ಯಾವುದು ಸುಮ್ಮನೆ ನಿಂತಿದೆ ಎಂದು ಮೂರು ಪಾಲು ಮಾಡುತ್ತೇನೆ. ನಿಮ್ಮ ಶೆಡ್ಡಿನಲ್ಲಿ ಕೆಲಸ ಮಾಡುತ್ತಿರುವವು ಗೋಡೆ, ಟ್ರಸ್ ಮತ್ತು ಹಂಚು. ಕೆಡಿಸುತ್ತಿರುವವು ಸಿಮೆಂಟ್ ಗಾರೆ, ಸಿಮೆಂಟ್ ಶೀಟು ಮತ್ತು ಹೊರಗೆ ಏರಿದ ನೆಲ. ಸುಮ್ಮನೆ ನಿಂತಿರುವ ಯಂತ್ರಗಳ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಟ್ರಸ್. ದೊಡ್ಡ ತಪ್ಪುಗಳು ನಡೆಯುವುದು ಅಲ್ಲಿಯೇ.

30 ಅಡಿ ಹರಹಿನ ಮರದ ಟ್ರಸ್ಸಿನಲ್ಲಿ ಗೋಡೆಯಿಂದ ಗೋಡೆಗೆ ಹೋಗುವ ಅಡ್ಡತೊಲೆಯನ್ನು ನೋಡಿದವರೆಲ್ಲ ಅದನ್ನು ಭಾರ ಹೊರುವ ತೊಲೆ ಎಂದುಕೊಳ್ಳುತ್ತಾರೆ. ಅದರ ಕೆಲಸ ಬೇರೆ. ಮೇಲಿನ ಎರಡು ಇಳಿಜಾರು ತೊಲೆಗಳು ಹಂಚಿನ ಭಾರಕ್ಕೆ ಕಾಲು ಚಾಚಿ ಗೋಡೆಗಳನ್ನು ಹೊರಕ್ಕೆ ದೂಡಲು ನೋಡುತ್ತವೆ. ಆ ಎರಡು ಪಾದಗಳನ್ನು ಅಡ್ಡತೊಲೆ ಹಗ್ಗದಂತೆ ಎಳೆದು ಹಿಡಿದಿದೆ. ನಡುವಿನ ಕಂಬವೂ ಅಡ್ಡತೊಲೆಯ ಮೇಲೆ ನಿಂತಿಲ್ಲ. ಮೇಲಿನಿಂದ ಇಳಿಬಿದ್ದು, ಅಡ್ಡತೊಲೆ ನಡುವೆ ಜೋಲದಂತೆ ಅದನ್ನೇ ಎತ್ತಿ ಹಿಡಿದಿದೆ. ಆದ್ದರಿಂದ ತಲೆಗೆ ತಾಗುತ್ತದೆಂದು ಅಡ್ಡತೊಲೆಯನ್ನು ಕತ್ತರಿಸಿದರೆ ಅಂದೇ ಏನೂ ಆಗದಿರಬಹುದು, ಆದರೆ ಗೋಡೆಯ ತಲೆ ನಿಧಾನವಾಗಿ ಹೊರಕ್ಕೆ ವಾಲತೊಡಗುತ್ತದೆ. ಹವಾನಿಯಂತ್ರಣದ ಕೊಳವೆ ಹಾಯಿಸಲು ಅಡ್ಡತೊಲೆಗೆ ಗರಗಸ ಹಾಕಿದ ಶೆಡ್ಡುಗಳನ್ನು ನೋಡಿದ್ದೇನೆ. ಅಲ್ಲಿ ಗೋಡೆ ಮತ್ತು ಚಾವಣಿಯ ನಡುವೆ ಬೆಳಕು ಕಾಣುವಷ್ಟು ಸಂದು ಬಿಟ್ಟಿತ್ತು.

ಈಗ ಅಟ್ಟದ ಲೆಕ್ಕ ಮಾಡೋಣ. ಮಂಗಳೂರು ಹಂಚು, ರೀಪು ಎಲ್ಲ ಸೇರಿ ಚದರ ಮೀಟರಿಗೆ ಸುಮಾರು 65 ಕೆಜಿ, ಅಂದರೆ ಚದರಡಿಗೆ 6 ಕೆಜಿ ಎಂದು ನಮ್ಮ ಮಾನಕಗಳು ಹಿಡಿಯುತ್ತವೆ. ಟ್ರಸ್ಸುಗಳು ಹತ್ತತ್ತು ಅಡಿಗೆ ಇವೆ ಎಂದುಕೊಂಡರೆ, ಎರಡೂ ಇಳಿಜಾರು ಸೇರಿ ಒಂದು ಟ್ರಸ್ಸಿನ ಪಾಲಿಗೆ ಬರುವುದು ಸುಮಾರು 350 ಚದರಡಿ. ಅಂದರೆ ಎರಡು ಟನ್ನಿಗಿಂತ ತುಸು ಹೆಚ್ಚು. ಟ್ರಸ್ ತನ್ನ ಇಡೀ ಆಯುಷ್ಯದಲ್ಲಿ ಹೊತ್ತಿರುವುದು ಇದನ್ನು, ಜೊತೆಗೆ ಆಗೀಗ ಹಂಚು ತಿರುವಲು ಹತ್ತಿದ ಒಬ್ಬಿಬ್ಬರನ್ನು ಮತ್ತು ಗಾಳಿಯ ಒತ್ತಡವನ್ನು. ಈಗ ಶೆಡ್ಡಿನ ಅರ್ಧ ಅಗಲಕ್ಕೆ ಅಟ್ಟ ತೂಗುಹಾಕಿದರೆ ಒಂದು ಟ್ರಸ್ಸಿನ ಪಾಲು 10 ಅಡಿ ಗುಣಿಸು 15 ಅಡಿ, ಅಂದರೆ 150 ಚದರಡಿ. ಜನ, ಮೇಜು, ಕಪಾಟುಗಳಿಗೆ ಚದರಡಿಗೆ 28 ಕೆಜಿ, ಅಟ್ಟದ ಸ್ವಂತ ಭಾರ 10 ಕೆಜಿ ಹಿಡಿದರೂ ಐದೂವರೆ ಟನ್ ದಾಟುತ್ತದೆ. ಇದು ಉದಾರವಾದ ಲೆಕ್ಕವಲ್ಲ; ಕಚೇರಿಯಂಥ ಬಳಕೆಗೆ ಮಾನಕ ಹೇಳುವ ಭಾರದ ವ್ಯಾಪ್ತಿಯಲ್ಲಿ ಇದು ಕೆಳಗಿನ ಕಡೆಯೇ ಇದೆ. ಎರಡು ಟನ್ ಹೊರಲು ಮಾಡಿದ ಟ್ರಸ್ಸಿಗೆ ಇನ್ನೂ ಐದೂವರೆ ಟನ್, ಅದೂ ಎಳೆತದಲ್ಲಿರುವ ಅಡ್ಡತೊಲೆಯನ್ನು ಬಗ್ಗಿಸುವಂತೆ! ಸಾಗವಾನಿ ಎಷ್ಟೇ ಗಟ್ಟಿಯಾಗಿರಲಿ, ಇದು ಆಗದ ಮಾತು.

ಹಾಗೆಂದು ಅಟ್ಟವೇ ಬೇಡವೆಂದಲ್ಲ. ನೆಲದಿಂದ ತನ್ನದೇ ಕಂಬಗಳ ಮೇಲೆ ಎದ್ದು, ಹಳೆಯ ಗೋಡೆಯಿಂದ ನಾಲ್ಕೈದು ಅಂಗುಲ ದೂರವಿದ್ದು, ಟ್ರಸ್ಸನ್ನು ಎಲ್ಲಿಯೂ ಮುಟ್ಟದ ಉಕ್ಕಿನ ಅಟ್ಟ ಕಟ್ಟಿಸಿ. ಅದರ ಅಡಿಪಾಯಕ್ಕೆ ಹಳೆಯ ಗೋಡೆಯ ಬುಡ ಅಗೆಯಬೇಡಿ; ಕಂಬಗಳನ್ನು ಒಳಕ್ಕೆ ಸರಿಸಿ. ಭೂಮಿ ನಡುಗಿದಾಗ ಉಕ್ಕು ಒಂದು ರೀತಿ, ಕಲ್ಲು ಇನ್ನೊಂದು ರೀತಿ ಅಲುಗುತ್ತದೆ, ಆ ಸಂದು ಇರುವುದು ಅವು ಪರಸ್ಪರ ಗುದ್ದದಿರಲೆಂದು. ನಾಳೆ ಬಾಡಿಗೆದಾರ ಬದಲಾದರೆ ಇಂಥ ಅಟ್ಟವನ್ನು ಬೋಲ್ಟು ಬಿಚ್ಚಿ ಸಾಗಿಸಬಹುದು.

ಟ್ರಸ್ ಉಳಿಸಲು ಯೋಗ್ಯವೋ ಅಲ್ಲವೋ ಎಂಬುದು ನಡುವಿನಲ್ಲಿ ತಿಳಿಯುವುದಿಲ್ಲ. ಅಲ್ಲಿ ಮರ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಕೊಳೆಯುವುದು ಗೋಡೆಯೊಳಗೆ ಹುದುಗಿದ ತುದಿ. ಹಂಚಿನ ಅಂಚಿನಿಂದ ಸೋರಿದ ನೀರು ಗೋಡೆಯ ತಲೆಗೆ ಇಳಿಯುತ್ತದೆ, ಗಾಳಿಯಾಡದ ಗೂಡಿನಲ್ಲಿ ಮರ ಒಣಗುವುದಿಲ್ಲ, ಗೆದ್ದಲಿಗೂ ಅದೇ ದಾರಿ. ಒಳ್ಳೆಯ ಬಡಿಗರೊಬ್ಬರನ್ನು ಏಣಿ ಹತ್ತಿಸಿ ಪ್ರತಿ ಟ್ರಸ್ಸಿನ ಎರಡೂ ತುದಿಗಳನ್ನು ಸುತ್ತಿಗೆಯಿಂದ ತಟ್ಟಿಸಿ. ಗಟ್ಟಿ ಮರ ಖಣಿಲೆನ್ನುತ್ತದೆ, ಟೊಳ್ಳಾದದ್ದು ಬೊದ್ದು ಸದ್ದು ಮಾಡುತ್ತದೆ. ಅನುಮಾನವಿದ್ದಲ್ಲಿ ಚೂಪಾದ ಉಳಿ ಚುಚ್ಚಿಸಿ; ಅರ್ಧ ಅಂಗುಲಕ್ಕಿಂತ ಆಳಕ್ಕೆ ಸುಲಭವಾಗಿ ಇಳಿದರೆ ಸಣ್ಣ ಬೈರಿಗೆಯಿಂದ ಗೋಡೆಯ ಒಳಗಿನ ಭಾಗದ ಕಡೆಗೆ ಓರೆಯಾಗಿ ತೂತು ಮಾಡಿಸಿ ನೋಡಿ. ಸುರುಳಿಯಾಗಿ ಹೊರಬರುವ ಹೊಂಬಣ್ಣದ ಸಿಪ್ಪೆ ಒಳ್ಳೆಯ ಲಕ್ಷಣ. ಕಪ್ಪು, ತೇವದ ಹುಡಿ ಬಂದರೆ ಆ ತುದಿ ಹೋಗಿದೆ.

ತುದಿ ಹೋದ ಮಾತ್ರಕ್ಕೆ ಟ್ರಸ್ ಹೋದಂತಲ್ಲ. ಟ್ರಸ್ಸಿಗೆ ಕೆಳಗಿನಿಂದ ಆಸರೆ ಕೊಟ್ಟು, ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಹಳೆಯ ಸಾಗವಾನಿಯ ಹೊಸ ತುಂಡನ್ನು ಎರಡು ಬದಿಯ ಉಕ್ಕಿನ ಪಟ್ಟಿಗಳ ನಡುವೆ ಬೋಲ್ಟಿನಿಂದ ಜೋಡಿಸಬಹುದು. ಪಟ್ಟಿ ಎಷ್ಟುದ್ದ, ಬೋಲ್ಟು ಎಷ್ಟು ಎಂಬುದನ್ನು ಇಂಜಿನಿಯರ್ ಲೆಕ್ಕ ಹಾಕಬೇಕು, ಏಕೆಂದರೆ ಆ ಜೋಡಣೆ ಎಳೆತವನ್ನು ತಡೆಯಬೇಕು. ಹೊಸ ತುದಿಯನ್ನು ಗೂಡಿನಲ್ಲಿ ಕೂರಿಸುವಾಗ ಕೆಳಗೆ ಕಲ್ಲಿನ ಹಾಸು ಕೊಟ್ಟು, ಪಕ್ಕ ಮತ್ತು ಹಿಂದೆ ಒಂದೊಂದು ಅಂಗುಲ ಗಾಳಿ ಬಿಡಿ. ಗೌಂಡಿ ಆ ಸಂದಿಗೆ ಅಭ್ಯಾಸಬಲದಿಂದ ಸಿಮೆಂಟ್ ತುಂಬುತ್ತಾನೆ. ಎದುರಿಗೇ ನಿಂತು ತಡೆಯಬೇಕು.

ನನ್ನ ಅಳತೆ ಹೀಗಿದೆ: ಹತ್ತು ಟ್ರಸ್ಸುಗಳಲ್ಲಿ ಎರಡು ಮೂರರ ತುದಿ ಕೆಟ್ಟಿದ್ದರೆ ದುರಸ್ತಿ ಮಾಡಿಸಿ. ಅರ್ಧಕ್ಕಿಂತ ಹೆಚ್ಚಿನವು ಎರಡೂ ತುದಿಯಲ್ಲಿ ಕೆಟ್ಟಿದ್ದರೆ, ಚೆನ್ನಾಗಿರುವವನ್ನೆಲ್ಲ ಶೆಡ್ಡಿನ ಒಂದು ಕೊನೆಗೆ ಒಟ್ಟುಗೂಡಿಸಿ, ಉಳಿದ ಭಾಗಕ್ಕೆ ಉಕ್ಕಿನ ಟ್ರಸ್ ಹಾಕಿ. ಹಳೆಯದು ಒಂದು, ಹೊಸದು ಒಂದು ಎಂದು ಬೆರೆಸಿದರೆ ಪರೀಕ್ಷೆಯೂ ಕಷ್ಟ, ನೋಡಲೂ ಗೊಂದಲ.

ಮರವೆಂದರೆ ಬೆಂಕಿಯ ಭಯ ಎಂದು ಅಣ್ಣ ಹೇಳಿಯಾರು. ದಪ್ಪ ತೊಲೆಗೆ ಬೆಂಕಿ ತಗುಲಿದರೆ ಹೊರಮೈ ಇದ್ದಿಲಾಗಿ ಒಳಗಿನ ತಿರುಳನ್ನು ಕೆಲಕಾಲ ಕಾಯುತ್ತದೆ. ಹೊದಿಕೆಯಿಲ್ಲದ ಉಕ್ಕು 550 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಂಡು ಬಾಗುತ್ತದೆ. ನಿಮ್ಮ ಶೆಡ್ಡಿನಲ್ಲಿ ನಿಜವಾದ ಬೆಂಕಿಯ ಭಯ ತೊಲೆಯಲ್ಲ, ತೊಲೆಯ ಮೇಲಿರುವ ಅರಳೆ. ಜಿನ್ ನಡೆದಷ್ಟು ಕಾಲವೂ ಹಾರಿದ ಎಳೆ ಟ್ರಸ್ಸಿನ ಸಂದು, ಗೋಡೆಯ ತಲೆ, ನೆಲದ ಕೆಳಗಿನ ಶಾಫ್ಟಿನ ಕಾಲುವೆಗಳಲ್ಲಿ ಕೂತಿರುತ್ತದೆ. ವೆಲ್ಡಿಂಗ್ ಕಿಡಿ ಅದರ ಮೇಲೆ ಬಿದ್ದರೆ ಉರಿಯದೆ ಒಳಗೊಳಗೇ ಕನಲುತ್ತ ಗಂಟೆಗಟ್ಟಲೆ ಕಾದು, ಕೆಲಸಗಾರರೆಲ್ಲ ಮನೆಗೆ ಹೋದ ಮೇಲೆ ಎದ್ದು ಉರಿಯುತ್ತದೆ. ಮೊದಲ ಕೆಲಸ ಇದನ್ನು ಹೀರುಯಂತ್ರದಿಂದ ತೆಗೆಸುವುದು. ಗಾಳಿ ಊದಿಸಿದರೆ ಒಂದು ಕಡೆಯದು ಇನ್ನೊಂದು ಕಡೆಗೆ ಹೋಗುತ್ತದೆ ಅಷ್ಟೆ. ಶೆಡ್ಡಿನೊಳಗೆ ವೆಲ್ಡಿಂಗ್ ಬೇಡ. ಉಕ್ಕನ್ನು ಹೊರಗೆ ಸಿದ್ಧಪಡಿಸಿ ಒಳಗೆ ಬೋಲ್ಟು ಹಾಕಿಸಿ.

ಆದರೆ ಹೀರುಯಂತ್ರ ತರುವ ಮೊದಲು ಆ ಸಿಮೆಂಟ್ ಶೀಟುಗಳು ಏನೆಂದು ತಿಳಿಯಬೇಕು. ಅಷ್ಟು ಹಳೆಯವಾದರೆ ಅವು ಕಲ್ನಾರಿನ ಶೀಟುಗಳೇ ಎಂದು ತಿಳಿದುಕೊಂಡು ನಡೆಯುವುದು ಕ್ಷೇಮ. ಸುಮ್ಮನಿದ್ದಾಗ ಅಷ್ಟು ಅಪಾಯವಿಲ್ಲ. ಒಡೆದಾಗ, ಕೊರೆದಾಗ, ಗುಡಿಸಿದಾಗ ಕಣ್ಣಿಗೆ ಕಾಣದ ಎಳೆಗಳು ಎದ್ದು ಶ್ವಾಸಕೋಶ ಸೇರುತ್ತವೆ, ರೋಗ ಕಾಣಿಸಿಕೊಳ್ಳಲು ದಶಕಗಳು ಬೇಕು. ನೀರು ಚಿಮುಕಿಸಿ ಒದ್ದೆ ಮಾಡಿ, ಕೊಕ್ಕೆ ಬಿಚ್ಚಿ ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿ. ಇಳಿಸುವವರಿಗೆ ಮುಖಕ್ಕೆ ಕಟ್ಟುವ ಬಟ್ಟೆ ಸಾಲದು, ಸೂಕ್ಷ್ಮ ಧೂಳು ತಡೆಯುವ ಸರಿಯಾದ ಮುಖಗವಸು ಬೇಕು. ಶೀಟಿನ ಕೆಳಗಿನ ಅರ್ಧ ಭಾಗದ ಅರಳೆಯನ್ನೂ ಸಾಮಾನ್ಯ ಹೀರುಯಂತ್ರದಿಂದ ತೆಗೆಯಬೇಡಿ, ಅದು ಎಳೆಗಳನ್ನು ಹಿಂಬದಿಯಿಂದ ಹೊರಗೆ ಬಿಡುತ್ತದೆ. ಅಲ್ಲಿಗೆ ಒದ್ದೆ ಮಾಡಿ ಒರೆಸಿ ತೆಗೆಸಿ, ಇಲ್ಲವೇ ಸೂಕ್ಷ್ಮ ಶೋಧಕವಿರುವ ಯಂತ್ರ ತರಿಸಿ. ಇಳಿಸಿದ ಶೀಟುಗಳನ್ನು ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು. ದನದ ಕೊಟ್ಟಿಗೆಗೆ ಬೇಕೆಂದು ಯಾರಾದರೂ ಬರುತ್ತಾರೆ, ಖಂಡಿತ ಬರುತ್ತಾರೆ. ಕೊಡಬೇಡಿ.

ಹಂಚಿನ ಬದಲು ತಗಡು ಹಾಕಿದರೆ ಭಾರ ಕಡಿಮೆಯಾಗಿ ಕಟ್ಟಡಕ್ಕೆ ಒಳ್ಳೆಯದು ಎಂಬ ಮಾತು ಅರ್ಧ ಸತ್ಯ. ಎರಡು ಟನ್ ಇದ್ದದ್ದು ಅರ್ಧ ಟನ್ನಿಗೆ ಇಳಿಯುತ್ತದೆ, ನಿಜ. ಆದರೆ ಹಳೆಯ ಟ್ರಸ್ಸುಗಳನ್ನು ಎಷ್ಟೋ ಕಡೆ ಗೋಡೆಗೆ ಬಿಗಿದೇ ಇರುವುದಿಲ್ಲ. ಹಂಚಿನ ಭಾರವೇ ಅವನ್ನು ಒತ್ತಿ ಹಿಡಿದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗಿನ ಮಳೆಗೆ ಮುಂಚೆ ಬೀಸುವ ಗಾಳಿ ಇಳಿಜಾರು ಚಾವಣಿಯನ್ನು ಮೇಲಕ್ಕೆ ಹೀರುತ್ತದೆ. ನಮ್ಮ ಕಡೆ ತಗಡು ಹಾರಿದ ಸುದ್ದಿ ಪ್ರತಿ ಬೇಸಿಗೆಯಲ್ಲಿಯೂ ಬರುವುದು ಇದೇ ಕಾರಣಕ್ಕೆ. ತಗಡನ್ನೇ ಹಾಕುವುದಾದರೆ ಟ್ರಸ್ಸನ್ನು ಗೋಡೆಗೆ, ಗೋಡೆಯ ತಲೆಯನ್ನು ಕೆಳಗಿನ ನಾಲ್ಕೈದು ಸಾಲು ಕಲ್ಲಿಗೆ ಬೋಲ್ಟಿನಿಂದ ಕಟ್ಟಬೇಕು. ಜೊತೆಗೆ ಮಳೆಯ ಸದ್ದು, ಬೇಸಿಗೆಯ ಕಾವು. ಮಗ್ಗದವರು ಆ ಕಾವಿನಲ್ಲಿ ಮಧ್ಯಾಹ್ನ ಕೂರಲಾರರು.

ನಾನಾದರೆ ಹಂಚು ಉಳಿಸುತ್ತೇನೆ. ಹಳೆಯ ಹಂಚಿನ ತೋಡು ಈಗಿನ ಹಂಚಿಗೆ ಸರಿಯಾಗಿ ಕೂರುವುದಿಲ್ಲ, ಬೆರೆಸಿದಲ್ಲೆಲ್ಲ ಸೋರುತ್ತದೆ. ಆದ್ದರಿಂದ ಇಳಿಸಿದ ಹಳೆಯ ಹಂಚಿನಲ್ಲಿ ಗಟ್ಟಿಯಾದವನ್ನು ಆರಿಸಿ ರಸ್ತೆಗೆ ಕಾಣುವ ಇಳಿಜಾರಿಗೆ ಪೂರ್ತಿ ಅವನ್ನೇ ಹಾಕಿಸಿ, ಹಿಂದಿನ ಇಳಿಜಾರಿಗೆ ಪೂರ್ತಿ ಹೊಸದು. ಇಳಿಸುವಾಗ ಎರಡೂ ಬದಿಯಿಂದ ಸಮನಾಗಿ ಇಳಿಸಬೇಕು. ಒಂದು ಬದಿ ಬರಿದು, ಇನ್ನೊಂದು ಬದಿ ತುಂಬಿದ್ದರೆ ಟ್ರಸ್ ಪಕ್ಕಕ್ಕೆ ವಾಲುತ್ತದೆ. ಶೀಟು ಹಾಕಿದ ಭಾಗಕ್ಕೆ ಮತ್ತೆ ಹಂಚು ಏರಿಸುವ ಮೊದಲು ಅಲ್ಲಿನ ಪಕಾಸಿ, ರೀಪುಗಳನ್ನು ನೋಡಿ. ಶೀಟಿಗೆ ಅಷ್ಟು ಬೇಡವೆಂದು ಮಧ್ಯೆ ಮಧ್ಯೆ ಕಿತ್ತಿರುವುದುಂಟು.

ಇನ್ನು ಗೋಡೆ. ಎರಡಡಿ ದಪ್ಪವೆಂದರೆ ಕೋಟೆಯಂತೆ ಗಟ್ಟಿ ಎಂಬ ನಂಬಿಕೆಯಿದೆ. ಇಂಥ ಗೋಡೆ ನಿಜದಲ್ಲಿ ಎರಡು ತೆಳು ಗೋಡೆಗಳು: ಹೊರಗೆ ಕೆತ್ತಿದ ಕಲ್ಲಿನ ಮುಖ, ಒಳಗೆ ಒರಟು ಕಲ್ಲಿನ ಮುಖ, ನಡುವೆ ಚಕ್ಕೆ ಮತ್ತು ಮಣ್ಣು. ಈ ಎರಡನ್ನೂ ಹಿಡಿದಿಡುವುದು ಆರುಪಾರು ಹೋಗುವ ಉದ್ದಗಲ್ಲುಗಳು. ಅವು ಇಲ್ಲದಿದ್ದರೆ ಏನಾಗುತ್ತದೆಂದು 1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿಯಲ್ಲಿ ಕಂಡಿತು. ದಪ್ಪ ಕಲ್ಲು-ಮಣ್ಣಿನ ಗೋಡೆಗಳ ಎರಡು ಮುಖಗಳು ಬೇರ್ಪಟ್ಟು ಮಲಗಿದವರ ಮೇಲೆ ಕುಸಿದವು. ಬೆಳಗಾವಿ ಮತ್ತು ವಿಜಯಪುರವನ್ನು 2002ರ ಭೂಕಂಪ ಮಾನಕ ಮಧ್ಯಮ ಅಪಾಯದ ಮೂರನೇ ವಲಯದಲ್ಲಿ ಇಟ್ಟಿತ್ತು. ಅಂದರೆ ಅಣ್ಣನ ಆತಂಕ ಆಧಾರವಿಲ್ಲದ್ದಲ್ಲ. ಆದರೆ ಅದಕ್ಕೆ ಕೆಡವುವುದೊಂದೇ ಉತ್ತರವೂ ಅಲ್ಲ.

ಗೋಡೆ ಬೇರ್ಪಟ್ಟಿದೆಯೇ ಎಂದು ನೋಡಲು ತೂಗುಗುಂಡು ಹಿಡಿದು ಒಳಮುಖ, ಹೊರಮುಖ ಎರಡನ್ನೂ ಅಳೆಯಿರಿ. ಎರಡೂ ಒಂದೇ ಕಡೆಗೆ ವಾಲಿದ್ದರೆ ಗೋಡೆ ಇಡಿಯಾಗಿ ವಾಲಿದೆ. ಹೊರಮುಖ ಮಾತ್ರ ಉಬ್ಬಿ ಒಳಮುಖ ನೆಟ್ಟಗಿದ್ದರೆ ನಡುವೆ ಟೊಳ್ಳಾಗಿದೆ. ತಟ್ಟಿದರೆ ಸದ್ದಿನಲ್ಲಿಯೂ ತಿಳಿಯುತ್ತದೆ. ಉಬ್ಬಿದ ಭಾಗವನ್ನು ಬಿಚ್ಚಿ ಮತ್ತೆ ಕಟ್ಟಬೇಕು, ಬೇರೆ ದಾರಿಯಿಲ್ಲ. ಉಬ್ಬದ ಕಡೆ ಹೊಸ ಹಿಡಿತ ಕೊಡಬಹುದು: ಸುಮಾರು ನಾಲ್ಕಡಿಗೆ ಒಂದರಂತೆ ಅಡ್ಡಡ್ಡ, ಎರಡಡಿಗೆ ಒಂದರಂತೆ ಎತ್ತರಕ್ಕೆ, ಒಂದು ಕಲ್ಲು ಮೆಲ್ಲಗೆ ತೆಗೆದು ಆರುಪಾರು ಮೂರು ಅಂಗುಲದ ತೂತು ಮಾಡಿ, ಎರಡೂ ತುದಿ ಬಗ್ಗಿಸಿದ ಕಬ್ಬಿಣದ ಸಲಾಕೆ ಇಟ್ಟು ಕಾಂಕ್ರೀಟ್ ತುಂಬುವುದು. ಕಿಲ್ಲಾರಿಯ ನಂತರ ಊರೂರುಗಳಲ್ಲಿ ಗೌಂಡಿಗಳಿಗೆ ಕಲಿಸಿದ ಸರಳ ವಿಧಾನವಿದು. ಹಂಚು ಇಳಿಸಿದಾಗ ಗೋಡೆಯ ತಲೆಗೆ ಸುತ್ತಲೂ ಒಂದು ಬಲವಾದ ಕಾಂಕ್ರೀಟ್ ಪಟ್ಟಿ ಹಾಕಿಸಿ ಟ್ರಸ್ಸನ್ನು ಅದಕ್ಕೆ ಬಿಗಿಯಿರಿ. ಸಿಮೆಂಟನ್ನು ನಾನು ಒಪ್ಪುವ ಜಾಗಗಳು ಇವೆರಡೇ.

ಬೇರೆಲ್ಲ ಕಡೆ ಸುಣ್ಣ. ನಿಮ್ಮ ಗೋಡೆಯ ಬುಡದ ತೇವ ಸಿಮೆಂಟ್ ಗಾರೆಯ ಕೊಡುಗೆ ಎಂದು ನನಗೆ ಹೆಚ್ಚುಕಡಿಮೆ ಖಾತ್ರಿಯಿದೆ. ಮಣ್ಣು ಅಥವಾ ಸುಣ್ಣದ ಗಚ್ಚಿನ ಗೋಡೆ ನೆಲದಿಂದ ನೀರು ಹೀರುತ್ತದೆ, ಅಷ್ಟೇ ನೀರನ್ನು ಮೈಯಿಂದ ಹೊರಬಿಡುತ್ತದೆ. ಮೈಗೆ ಸಿಮೆಂಟ್ ಬಳಿದರೆ ಹೀರುವುದು ನಿಲ್ಲುವುದಿಲ್ಲ, ಬಿಡುವುದು ಮಾತ್ರ ನಿಲ್ಲುತ್ತದೆ. ನೀರು ಗಾರೆಯ ಹಿಂದೆ ಮೇಲೇರುತ್ತ ಹೋಗಿ, ಜೊತೆಗೆ ತಂದ ಉಪ್ಪು ಹರಳುಗಟ್ಟಿ ಕಲ್ಲಿನ ಮುಖವನ್ನೇ ಪದರಪದರವಾಗಿ ಎಬ್ಬಿಸುತ್ತದೆ. ಗಚ್ಚು ಯಾವುದೆಂದು ತಿಳಿಯಲು ಗೋಡೆಯ ಒಳಗಿನಿಂದ ಒಂದು ಹೆಂಟೆ ತೆಗೆದು ರಾತ್ರಿಯಿಡೀ ನೀರಿನ ಲೋಟದಲ್ಲಿಡಿ. ಮಣ್ಣಾದರೆ ಬೆಳಿಗ್ಗೆ ಕರಗಿ ತಳದಲ್ಲಿ ಕೂತಿರುತ್ತದೆ, ಸುಣ್ಣವಾದರೆ ಹೆಂಟೆಯಾಗಿಯೇ ಇದ್ದು ಉಗುರಿಗೋ ಮೊಳೆಗೋ ಗೀರಿಸಿಕೊಳ್ಳುತ್ತದೆ. ಮಣ್ಣಾಗಿದ್ದರೆ ನೀರಿನ ವಿಷಯದಲ್ಲಿ ಇಮ್ಮಡಿ ಎಚ್ಚರ ಬೇಕು; ಗೋಡೆಯನ್ನು ಪೈಪಿನ ನೀರಿನಿಂದ ತೊಳೆಯುವುದೂ ಬೇಡ.

ಆಮೇಲೆ ಹೊರಗೆ ಹೋಗಿ ನೆಲ ನೋಡಿ. ರಸ್ತೆಗೆ ಡಾಂಬರು ಮೇಲೆ ಡಾಂಬರು ಬಿದ್ದು, ಅಂಗಳಕ್ಕೆ ಮುರ್ರಂ ಮೇಲೆ ಮುರ್ರಂ ಬಿದ್ದು, ಕಟ್ಟೆಯ ಕಲ್ಲು ಹೂತುಹೋಗಿರುತ್ತದೆ. ಒಳಗಿನ ನೆಲಕ್ಕಿಂತ ಹೊರಗಿನ ನೆಲ ಮೇಲಿದ್ದರೆ ಯಾವ ರಾಸಾಯನಿಕ ಬಳಿದರೂ ತೇವ ನಿಲ್ಲುವುದಿಲ್ಲ. ಗೋಡೆಯುದ್ದಕ್ಕೂ ಮೂರಡಿ ಅಗಲದಲ್ಲಿ ಮಣ್ಣನ್ನು ಹಳೆಯ ಕಟ್ಟೆಯ ಮಟ್ಟಕ್ಕೆ ಇಳಿಸಿ, ಇಳಿಜಾರು ಕೊಟ್ಟು, ಹಂಚಿನ ನೀರನ್ನು ದೂರ ಸಾಗಿಸಿ. ಅಡಿಪಾಯಕ್ಕಿಂತ ಆಳಕ್ಕೆ ಮಾತ್ರ ಅಗೆಯಬಾರದು. ಒಳಗಿನ ಸಿಮೆಂಟ್ ಗಾರೆಯನ್ನು ಉಳಿಯಿಂದ ನಿಧಾನವಾಗಿ ತೆಗೆಸಿ, ಒಂದು ಬೇಸಿಗೆ ಗೋಡೆಯನ್ನು ಒಣಗಲು ಬಿಟ್ಟು, ಬಳಿಕ ಸುಣ್ಣದ ಗಾರೆ ಮಾಡಿಸಿ. ಗಾರೆ ತೆಗೆದಾಗ ಕಾಣುವ ಒಳಗಿನ ಒರಟು ಕಲ್ಲನ್ನು ಹಾಗೆಯೇ ಬಿಡುವ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ಕಟ್ಟಿದವರು ಕಾಣಿಸಲೆಂದು ಕಟ್ಟಿದ್ದಲ್ಲ, ಗಾರೆಗೆಂದೇ ಕಟ್ಟಿದ್ದು. ಬಿಟ್ಟರೆ ಸಂದಿನಿಂದ ಧೂಳು ಉದುರುತ್ತಲೇ ಇರುತ್ತದೆ. ಮಗ್ಗದ ನೂಲಿನ ಮೇಲೂ, ಮೈಕಿನ ಮೇಲೂ. ಮರಳು ಹೊಡೆಯುವುದಂತೂ ಹೊರಗಿನ ಕೆತ್ತನೆಯ ಕಲ್ಲಿಗೂ ಬೇಡ. ಉಳಿಯ ಗುರುತುಗಳೂ ಗಟ್ಟಿಯಾದ ಹೊರಪದರವೂ ಒಂದೇ ದಿನದಲ್ಲಿ ಹೋಗುತ್ತವೆ, ಸಂದಿನ ಗಚ್ಚೂ ಹೋಗುತ್ತದೆ. ಆ ಧೂಳು ಕೆಲಸಗಾರರ ಶ್ವಾಸಕೋಶಕ್ಕೂ ಕೇಡು. ನೀರು, ಮೆದು ಕುಂಚ, ತಾಳ್ಮೆ ಸಾಕು.

ಮೂಲೆಯ ಬಿರುಕಿಗೆ ಬರೋಣ. ನಿಮ್ಮ ಊರಿನ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಬಾಯಿಬಿಡುತ್ತದೆ. ಮೂಲೆಯ ಬಳಿ ದೊಡ್ಡ ಬೇವಿನ ಮರವೋ ಸೋರುವ ನಲ್ಲಿಯೋ ಇದ್ದರೆ ಅಲ್ಲಿ ಈ ಏರಿಳಿತ ಇನ್ನೂ ಹೆಚ್ಚು. ಬಿರುಕಿನ ಎರಡು ಬದಿಗೂ ಗೂಟದಂತೆ ಒಂದೊಂದು ಸಣ್ಣ ಮೊಳೆ ಹೊಡೆದು, ನಡುವಿನ ಅಂತರವನ್ನು ತಿಂಗಳಿಗೊಮ್ಮೆ ಕ್ಯಾಲಿಪರಿನಿಂದ ಅಳೆದು ಬರೆದಿಡಿ. ಮೇ ತಿಂಗಳಲ್ಲಿ ಹೆಚ್ಚಿ, ಅಕ್ಟೋಬರಿನಲ್ಲಿ ಇಳಿದು ಹಳೆಯ ಅಳತೆಗೆ ಬಂದರೆ ಅದು ಮಣ್ಣಿನ ಉಸಿರಾಟ. ನೀರನ್ನು ದೂರ ಸಾಗಿಸಿ, ಮೂಲೆಯನ್ನು ಉಕ್ಕಿನ ಸಲಾಕೆಗಳಿಂದ ಹೊಲಿದು, ಬಿರುಕಿಗೆ ಸುಣ್ಣ ತುಂಬಿದರೆ ಮುಗಿಯಿತು. ಋತು ಯಾವುದಿದ್ದರೂ ಒಂದೇ ಸಮನೆ ಅಗಲವಾಗುತ್ತ ಹೋದರೆ ಅಡಿಪಾಯ ಕುಸಿಯುತ್ತಿದೆ, ಇಲ್ಲವೇ ಮೇಲಿನ ಟ್ರಸ್ ಗೋಡೆಯನ್ನು ದೂಡುತ್ತಿದೆ. ಬಿರುಕು ಮೇಲೆ ಅಗಲವಾಗಿ, ಅದರ ನೇರಕ್ಕೆ ಟ್ರಸ್ಸಿನ ತುದಿ ಕೊಳೆತಿದ್ದರೆ ಎರಡನೆಯದೇ ಕಾರಣವಿರಬಹುದು. ಅಡಿಪಾಯವೇ ಕುಸಿಯುತ್ತಿದ್ದರೆ ಆ ಮೂಲೆಯ ಒಂದೆರಡು ಅಂಕಣಗಳನ್ನು ಅಣ್ಣನ ಇಚ್ಛೆಯಂತೆ ಕೆಡವಿ ಹೊಸದಾಗಿ ಕಟ್ಟಿ. ಶೌಚಾಲಯ, ಅಡುಗೆ ಕಟ್ಟೆ, ನೀರಿನ ಕೊಳವೆ ಎಲ್ಲವನ್ನೂ ಆ ಹೊಸ ಭಾಗಕ್ಕೇ ಸಾಗಿಸಿದರೆ ಹಳೆಯ ಗೋಡೆಯೊಳಗೆ ಒಂದು ಹನಿ ನೀರಿನ ಪೈಪೂ ಹೋಗಬೇಕಿಲ್ಲ.

ಪೂರ್ತಿ ಕೆಡವುವುದಕ್ಕೆ ಮುಂಚೆ ಅಣ್ಣನಿಗೆ ಒಂದು ವಿಷಯ ತೋರಿಸಿ. ಹಳೆಯ ಗಿರಣಿಗಳು ಎಷ್ಟೋ ಕಡೆ ಗಡಿಗೆ ಅಂಟಿಕೊಂಡಂತೆ ನಿಂತಿವೆ. ಹೊಸದಾಗಿ ಕಟ್ಟಿದರೆ ಸುತ್ತಲೂ ಈಗಿನ ನಿಯಮದಷ್ಟು ಜಾಗ ಬಿಡಬೇಕು, ಆಗ ಕಟ್ಟಲು ಸಿಗುವ ನೆಲ ಕಡಿಮೆಯಾಗುತ್ತದೆ. ಕೆಡವಿದರೂ ಉಳಿಸಿದರೂ ಜಾಗ ಕೈಗಾರಿಕೆಯ ಬಳಕೆಗೆಂದು ದಾಖಲಾಗಿದ್ದರೆ ಬಳಕೆ ಬದಲಾವಣೆಯ ಅನುಮತಿ ಬೇಕು; ಯೋಜನಾ ಪ್ರಾಧಿಕಾರದಲ್ಲಿ ಮತ್ತು ಪುರಸಭೆಯಲ್ಲಿ ಮೊದಲೇ ವಿಚಾರಿಸಿ. ಮುಂಭಾಗದ ಗೋಡೆಯನ್ನಷ್ಟೇ ಉಳಿಸಿ ಹಿಂದೆ ಆರ್‌ಸಿಸಿ ಎಂಬ ನಡುದಾರಿಯನ್ನು ಯಾರಾದರೂ ಸೂಚಿಸಿಯಾರು. ಚಾವಣಿ ತೆಗೆದ ಕ್ಷಣದಿಂದ ಆ ಗೋಡೆಯನ್ನು ಹಿಡಿಯುವವರಿಲ್ಲ. ಎರಡೂ ಬದಿಗೆ ಉಕ್ಕಿನ ಆಸರೆ ನಿಲ್ಲಿಸದೆ ಆ ಕೆಲಸ ಶುರುಮಾಡಿದರೆ ಒಂದು ಬಿರುಗಾಳಿ ಸಾಕು. ಆಸರೆಯ ಖರ್ಚು ಸೇರಿಸಿದರೆ ಮೂರು ದಾರಿಗಳಲ್ಲಿ ಹೆಚ್ಚಾಗಿ ಅದೇ ದುಬಾರಿ.

ಯಾರಿಗೆ ಯಾವ ಜಾಗ ಎಂಬುದನ್ನು ಕಟ್ಟಡವೇ ಬಹುಮಟ್ಟಿಗೆ ಹೇಳುತ್ತಿದೆ. ಕಿಟಕಿ ಕಡಿಮೆಯಿರುವ ಅರಳೆ ಗೋದಾಮು ಧ್ವನಿಮುದ್ರಣಕ್ಕೆ. ಹಂಚಿನ ಸಂದಿನಿಂದ ಸದ್ದು ನುಸುಳುವುದರಿಂದ ಅದರೊಳಗೆ ಗೋಡೆ, ಚಾವಣಿ ಮುಟ್ಟದ ಇನ್ನೊಂದು ಮುಚ್ಚಿದ ಕೋಣೆ ಕಟ್ಟಬೇಕು, ಅದಕ್ಕೆ ಹಳೆಯದರಲ್ಲಿ ಏನನ್ನೂ ಒಡೆಯಬೇಕಿಲ್ಲ. ಕುಂಬಾರಿಕೆಯ ಗೂಡು ಬಾಯ್ಲರ್ ಕೋಣೆಗೆ. ಕಾವು, ಭಾರ, ಹೊಗೆ ಮೂರೂ ಆ ಕೋಣೆಗೆ ಹೊಸತಲ್ಲ, ಹಳೆಯ ಚಿಮಣಿಯನ್ನು ಪರೀಕ್ಷಿಸದೆ ಮಾತ್ರ ಬಳಸಬೇಡಿ. ಮಗ್ಗ ಮತ್ತು ಚಿತ್ರಕಲೆಗೆ ದೊಡ್ಡ ಶೆಡ್, ಚಿತ್ರದವರಿಗೆ ಬಡಗಣ ಬೆಳಕಿನ ಬದಿ. ಗೋಡೆಗೆ ಹೊಸ ಕಿಟಕಿ ಒಡೆಯುವ ಬದಲು ಹಂಚಿನ ನಡುವೆ ಗಾಜಿನ ಹಂಚು ಸೇರಿಸಿ. ಒಡೆಯಲೇಬೇಕಾದರೆ ಟ್ರಸ್ಸಿನ ಕೆಳಗೂ ಮೂಲೆಯಿಂದ ನಾಲ್ಕಡಿಯೊಳಗೂ ಬೇಡ.

ಯಂತ್ರಗಳಲ್ಲಿ ಎಲ್ಲವನ್ನೂ ಇಡಬೇಕಾಗಿಲ್ಲ. ಒಂದು ಜಿನ್ನನ್ನು ಅದು ನಿಂತಲ್ಲಿಯೇ, ಅದಕ್ಕೆ ಬಲ ಕೊಡುತ್ತಿದ್ದ ಶಾಫ್ಟಿನ ತುಂಡು ಮತ್ತು ರಾಟೆಯ ಸಮೇತ ಬಿಡಿ, ಕೆಲಸ ಹೇಗೆ ನಡೆಯುತ್ತಿತ್ತೆಂದು ನೋಡಿದವರಿಗೆ ತಿಳಿಯುವಂತೆ. ಉಳಿದವನ್ನು ಮಾರಿ ಚಾವಣಿಗೆ ಹಾಕಿ. ನಿಮ್ಮಲ್ಲಿ ಅರಳೆ ಒತ್ತಿ ಕಟ್ಟುವ ಪ್ರೆಸ್ ಕೂಡ ಇದ್ದಿದ್ದರೆ ಅರಳೆಯ ಮೂಟೆಗಳಿಗೆ ಗುರುತು ಹಾಕುತ್ತಿದ್ದ ಅಚ್ಚಿನ ತಗಡುಗಳು ಮೂಲೆಯಲ್ಲೆಲ್ಲೋ ಬಿದ್ದಿರಬಹುದು. 1925ರ ಹತ್ತಿ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾಯ್ದೆ ಆ ಗುರುತನ್ನು ಕಡ್ಡಾಯ ಮಾಡಿತ್ತು. ಗುಜರಿಯವನಿಗೆ ಅವು ನಾಲ್ಕು ಕೆಜಿ ಕಬ್ಬಿಣ, ನಿಮಗೆ ಗಿರಣಿಯ ಹೆಸರಿನ ದಾಖಲೆ. ನೆಲದ ಕೆಳಗಿನ ಶಾಫ್ಟಿನ ಕಾಲುವೆಯನ್ನು ಮುಚ್ಚಬೇಡಿ, ಚಪ್ಪಡಿ ಹಾಸಿ ವಿದ್ಯುತ್ ತಂತಿಗಳನ್ನು ಅದರಲ್ಲೇ ಎಳೆಯಿರಿ. ಗೋಡೆ ಕೊರೆಯುವುದು ತಪ್ಪುತ್ತದೆ.

ಕೈಯಲ್ಲಿರುವ ದುಡ್ಡನ್ನು ಈ ಸಾಲಿನಲ್ಲಿ ಖರ್ಚು ಮಾಡಿ: ಶೀಟು ಮತ್ತು ಅರಳೆ ತೆಗೆಯುವುದು, ಹೊರಗಿನ ನೆಲ ಇಳಿಸುವುದು, ಟ್ರಸ್ಸಿನ ತುದಿ, ಗೋಡೆಯ ತಲೆಯ ಪಟ್ಟಿ, ಹಂಚು. ದೀಪಾವಳಿಯ ನಂತರ ಚಾವಣಿ ಬಿಚ್ಚಿದರೆ ಮಾರ್ಚ್ ಒಳಗೆ ಮುಚ್ಚಲು ಸಮಯ ಸಿಗುತ್ತದೆ. ಅಷ್ಟು ದುಡ್ಡು ಒಮ್ಮೆಗೆ ಆಗದಿದ್ದರೆ ಇಡೀ ಚಾವಣಿ ಬಿಚ್ಚಬೇಡಿ, ಮೂರು ಅಂಕಣ ಮುಗಿಸಿ ಮೂರು ಅಂಕಣಕ್ಕೆ ಕೈ ಹಾಕಿ. ಬಿರುಕಿನ ಮೊಳೆಗಳನ್ನು ಮಾತ್ರ ಈ ವಾರವೇ ಹೊಡೆಯಿರಿ, ಅದರ ಉತ್ತರಕ್ಕೆ ಒಂದು ಇಡೀ ವರ್ಷ ಬೇಕು. ಅಷ್ಟರವರೆಗೆ ಆ ಮೂಲೆಯ ಅಂಕಣವನ್ನು ಯಾರಿಗೂ ಬಾಡಿಗೆಗೆ ಕೊಡಬೇಡಿ.